ಮನೆ ಎಂದರೆ ದೇಹ ಎಂದು ಬರೆದರೆ ಮಹಾಪ್ರಬಂಧ ಆಗುವುದಿಲ್ಲ

ಪ್ರಶ್ನೆ: ಬಸವಣ್ಣನವರ ವಚನಗಳಲ್ಲಿ ‘ಮನೆ’ಯ ಪ್ರತಿಮೆ ಬಗ್ಗೆ ಪಿಎಚ್‌ಡಿಗೆ ಒಂದು ಅಧ್ಯಾಯ ಬರೆದಿದ್ದೇನೆ. ಮನೆ ಬರುವ ವಚನಗಳನ್ನೆಲ್ಲ ಪಟ್ಟಿ ಮಾಡಿ, ಮನೆ ಎಂದರೆ ದೇಹ, ಮನೆಯೊಡೆಯ ಎಂದರೆ ಶಿವ ಅಂತ ವಿವರಿಸಿದ್ದೇನೆ. ಗೈಡ್ ‘ಇದರಲ್ಲಿ ವಾದ ಎಲ್ಲಿದೆ?’ ಅಂತ ವಾಪಸ್ ಕೊಟ್ಟರು. ಇನ್ನೇನು ಬರೆಯಬೇಕಿತ್ತು ಸರ್?

ನಿಮ್ಮ ಗೈಡ್ ಕೇಳಿದ್ದು ಸರಿಯಾಗಿದೆ. ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಅರ್ಧ ಇದೇ ಥರದವು: ಹಕ್ಕಿ ಎಂದರೆ ಆತ್ಮ, ಕೆರೆ ಎಂದರೆ ಸಂಸಾರ, ದೀಪ ಎಂದರೆ ಜ್ಞಾನ. ಇಂಥ ಸಮೀಕರಣವನ್ನು ಯಾರೂ ವಿರೋಧಿಸುವುದಿಲ್ಲ, ಅದಕ್ಕೇ ಅದು ವಾದವಲ್ಲ. ಅದೂ ಅಲ್ಲದೆ ‘ತನುವಿನೊಳಗೆ’ ಎಂದು ‘ಮನೆಯೊಳಗೆ ಮನೆಯೊಡೆಯನಿದ್ದಾನೋ’ ವಚನವೇ ಬಾಯಿಬಿಟ್ಟು ಹೇಳಿರುವಾಗ ಅದನ್ನು ಕಂಡುಹಿಡಿಯಲು ಫೆಲೋಶಿಪ್ ಯಾಕೆ ಬೇಕು?

ಮೊದಲು ಪಟ್ಟಿಯನ್ನೇ ಸರಿಮಾಡಿ. ವಚನಗಳ ಫೈಲಿನಲ್ಲಿ ‘ಮನೆ’ ಎಂದು ಹುಡುಕಿದರೆ ‘ಸುಮ್ಮನೆ’ಯೂ ಬಂದು ಕೂರುತ್ತದೆ, ಅದರೊಳಗೂ ‘ಮನೆ’ ಇದೆಯಲ್ಲ. ಇದು ಕಣ್ಣಿಗೆ ಬೀಳುವ ತಪ್ಪು, ಅಳಿಸಿಬಿಡಬಹುದು. ಕಣ್ಣಿಗೆ ಬೀಳದ ತಪ್ಪು ಇನ್ನೊಂದಿದೆ. ‘ಏನಿ ಬಂದಿರಿ, ಹದುಳಿದ್ದಿರೆ ಎಂದಡೆ ನಿಮ್ಮ ಮೈಸಿರಿ ಹಾರಿ ಹೋಹುದೆ? ಕುಳ್ಳಿರೆಂದಡೆ ನೆಲ ಕುಳಿಹೋಹುದೆ?’ ಎಂಬ ವಚನದಲ್ಲಿ ‘ಮನೆ’ ಎಂಬ ಶಬ್ದವೇ ಇಲ್ಲ. ಆದರೆ ಇಡೀ ವಚನ ನಡೆಯುವುದು ಬಾಗಿಲಲ್ಲಿ: ಬಂದವನು ನಿಂತಿದ್ದಾನೆ, ಮನೆಯವನು ಮಾತಾಡಿಸುತ್ತಿಲ್ಲ. ಪ್ರತಿಮೆಯನ್ನು ಹುಡುಕುವುದೆಂದರೆ ಶಬ್ದ ಹುಡುಕುವುದಲ್ಲ. ಹಾಗಾಗಿ ಹೊಸ್ತಿಲು, ಬಾಗಿಲು, ಒಡೆಯ, ಒಳಗೆ ಇವನ್ನೂ ಹುಡುಕಿ, ಆಮೇಲೆ ಸಮಗ್ರ ವಚನ ಸಂಪುಟದ ಮೊದಲ ಸಂಪುಟವನ್ನು ಒಂದು ಸಲ ಮೊದಲಿನಿಂದ ಕೊನೆಯವರೆಗೆ ಪೆನ್ಸಿಲ್ ಹಿಡಿದು ಓದಿ. ಇದಕ್ಕೆ ಅಡ್ಡದಾರಿ ಇಲ್ಲ.

ಸಿಕ್ಕಿದ್ದನ್ನೆಲ್ಲ ಅಧ್ಯಾಯಕ್ಕೆ ತುಂಬಬೇಡಿ. ಪ್ರತಿಯೊಂದರಲ್ಲೂ ‘ಮನೆ’ ತೆಗೆದು ಅದೇ ಅರ್ಥದ ಬೇರೆ ಪದ ಇಟ್ಟು ನೋಡಿ. ಏನೂ ಕೆಡದಿದ್ದರೆ ಅಲ್ಲಿ ಮನೆ ಬರೀ ಮಾತಿನ ವಾಡಿಕೆ, ಪಕ್ಕಕ್ಕಿಡಿ. ವಚನ ಕುಸಿದರೆ ಇಟ್ಟುಕೊಳ್ಳಿ. ಹೀಗೆ ಉಳಿದವುಗಳಲ್ಲಿ ಒಂದನ್ನು ಪೂರ್ತಿ ಬಿಚ್ಚಿ ಓದಬೇಕು, ಮೂರು ನಾಲ್ಕನ್ನು ಅದರ ಎದುರು ನಿಲ್ಲಿಸಬೇಕು. ಪೂರ್ತಿ ಬಿಚ್ಚಬೇಕಾದದ್ದು ಯಾವುದು ಎಂಬ ಬಗ್ಗೆ ನನಗೆ ಅನುಮಾನವಿಲ್ಲ:

ಮನೆಯೊಳಗೆ ಮನೆಯೊಡೆಯನಿದ್ದಾನೋ ಇಲ್ಲವೋ?
ಹೊಸ್ತಿಲಲ್ಲಿ ಹುಲ್ಲು ಹುಟ್ಟಿ, ಮನೆಯೊಳಗೆ ರಜ ತುಂಬಿ,
ಮನೆಯೊಳಗೆ ಮನೆಯೊಡೆಯನಿದ್ದಾನೋ ಇಲ್ಲವೋ?
ತನುವಿನೊಳಗೆ ಹುಸಿ ತುಂಬಿ, ಮನದೊಳಗೆ ವಿಷಯ ತುಂಬಿ,
ಮನೆಯೊಳಗೆ ಮನೆಯೊಡೆಯನಿಲ್ಲಾ, ಕೂಡಲಸಂಗಮದೇವಾ.

ಅರ್ಥ ಬರೆಯುವ ಮೊದಲು ಕಂಡದ್ದನ್ನಷ್ಟೇ ಬರೆಯಿರಿ. ‘ಒಳಗೆ’ ಆರು ಸಲ ಬಂದಿದೆ. ‘ತುಂಬಿ’ ಮೂರು ಸಲ, ಮೂರೂ ಸಲ ತುಂಬಿರುವುದು ಬೇಡದ ವಸ್ತು. ಅಂದರೆ ಇದು ಖಾಲಿ ಮನೆಯ ವಚನವಲ್ಲ. ಮನೆ ತುಂಬಿದೆ, ಇರಬೇಕಾದವನೊಬ್ಬನನ್ನು ಬಿಟ್ಟು. ಇನ್ನು ನೋಟ ಸರಿಯುವ ದಾರಿ ನೋಡಿ. ಹೊಸ್ತಿಲ ಹುಲ್ಲು ಹೊರಗೆ ನಿಂತವನಿಗೆ ಕಾಣುತ್ತದೆ, ಕಾಲಿಟ್ಟವರಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ರಜ ಕಾಣಬೇಕಾದರೆ ಬಗ್ಗಿ ಇಣುಕಬೇಕು. ಆಮೇಲೆ ತನು, ಅದಕ್ಕೂ ಒಳಗೆ ಮನ. ಸಾಲಿನಿಂದ ಸಾಲಿಗೆ ಒಂದೊಂದೇ ಹೆಜ್ಜೆ ಒಳಕ್ಕೆ ಹೋಗುತ್ತ, ಎರಡು ಸಲ ಕೇಳಿದ ಪ್ರಶ್ನೆ ಮನದ ತನಕ ಹೋದ ಮೇಲೆ ತೀರ್ಮಾನವಾಗುತ್ತದೆ: ‘ಇಲ್ಲಾ’. ಆ ತೀರ್ಮಾನವನ್ನು ಹೇಳಿದ್ದು ಯಾರಿಗೆ? ಕೂಡಲಸಂಗಮದೇವನಿಗೇ.

ಸಮೀಕರಣದ ಚಟ ಕೆಡಿಸುವುದು ಇಲ್ಲೇ. ಮನೆಯೊಡೆಯ ಎಂದರೆ ಶಿವ ಎಂದು ಮೊದಲೇ ಬರೆದುಬಿಟ್ಟರೆ, ‘ನೀನು ಮನೆಯಲ್ಲಿಲ್ಲ’ ಎಂದು ಶಿವನನ್ನೇ ಕರೆದು ಹೇಳುವ ವಿಚಿತ್ರ ನಿಮಗೆ ಕಾಣುವುದೇ ಇಲ್ಲ. ಒಡೆಯ ಎಂದರೆ ಹೇಳುವವನೇ ಎಂದಿಟ್ಟುಕೊಂಡರೆ, ಒಡೆಯನಿಲ್ಲದ ಮನೆಯಿಂದ ಮಾತಾಡುತ್ತಿರುವವನು ಯಾರು ಎಂಬ ಪ್ರಶ್ನೆ ಏಳುತ್ತದೆ. ವಚನದಲ್ಲಿ ‘ಎನ್ನ’ ಎಂಬ ಪದ ಒಮ್ಮೆಯೂ ಬಂದಿಲ್ಲ, ಹಾಗಾಗಿ ಎರಡೂ ದಾರಿ ತೆರೆದೇ ಇವೆ. ಒಂದನ್ನು ಮುಚ್ಚಲು ಅವಸರಪಡಬೇಡಿ. ನಿಮ್ಮ ಅಧ್ಯಾಯ ಶುರುವಾಗಬೇಕಾದದ್ದು ಈ ಗೊಂದಲದಿಂದ.

ಈಗ ನಿಮ್ಮ ಸಮೀಕರಣಕ್ಕೆ ಅಡ್ಡಬರುವ ವಚನವನ್ನು ಎದುರಿಗಿಡಿ. ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ.’ ಇಲ್ಲೂ ದೇಹ ಕಟ್ಟಡವೇ. ಆದರೆ ಇಲ್ಲಿ ಕಂಬವಿದೆ, ಕಳಸವಿದೆ, ಒಳಗೇನಿದೆ ಎಂಬ ಮಾತೇ ಇಲ್ಲ. ಅಲ್ಲಿ ಕಂಬ, ಮಾಡು, ಗೋಡೆ ಒಂದೂ ಇಲ್ಲ, ಹೊಸ್ತಿಲು ಮತ್ತು ಒಳಗು ಮಾತ್ರ. ಇಲ್ಲಿ ‘ಉಳ್ಳವರ’ ಎದುರು ತನ್ನ ದೇಹವನ್ನು ಹೊರಗಿನಿಂದ ತೋರಿಸುತ್ತಿದ್ದಾರೆ, ಸಂಶಯಕ್ಕೆ ಜಾಗವಿಲ್ಲ. ಅಲ್ಲಿ ಒಳಗೆ ಇಣುಕುತ್ತಿದ್ದಾರೆ, ಇರುವುದೆಲ್ಲ ಸಂಶಯವೇ. ದೇಹವೇ ಒಮ್ಮೆ ದೇಗುಲ, ಒಮ್ಮೆ ಮನೆ ಆಗುತ್ತದೆ ಎಂದಾದರೆ, ಮನೆಯ ಪ್ರತಿಮೆ ಮಾಡುತ್ತಿರುವ ಕೆಲಸ ದೇಹವನ್ನು ಸೂಚಿಸುವುದಲ್ಲ. ಒಡೆತನ ಯಾರದು ಎಂದು ಕೇಳುವುದು. ಇಷ್ಟಾದರೆ ಮೊದಲ ಕರಡು ವಾದ ಕೈಗೆ ಬಂತು.

ಕರಡು ಎಂದೆ. ಅದನ್ನು ಒಡೆಯಲು ನೀವೇ ನೋಡಬೇಕು, ಇಲ್ಲದಿದ್ದರೆ ವೈವಾದಲ್ಲಿ ಬೇರೆಯವರು ಒಡೆಯುತ್ತಾರೆ. ‘ನಾರಿ ತನ್ನ ಮನೆಯಲ್ಲಿ ಕಳುವಡೆ’ ಎಂಬಲ್ಲಿ ಒಡತಿಯೇ ಕಳ್ಳಿ, ವಾದ ನಿಲ್ಲುತ್ತದೆ. ‘ನಿಮ್ಮ ಮನೆಯ ಮಗನೆಂದೆನಿಸಯ್ಯಾ’ ಎಂಬಲ್ಲಿ ಮನೆ ದೇವರದು, ಹೇಳುವವನು ಒಳಗೆ ಜಾಗ ಕೇಳುತ್ತಿದ್ದಾನೆ, ಅಲ್ಲೂ ನಿಲ್ಲುತ್ತದೆ. ಆದರೆ ‘ಲೋಕದ ಡೊಂಕ ನೀವೇಕೆ ತಿದ್ದುವಿರಿ’ ವಚನದಲ್ಲಿ ಎಡವುತ್ತದೆ. ‘ನಿಮ್ಮ ನಿಮ್ಮ ತನುವ ಸಂತೈಸಿಕೊಳ್ಳಿ, ನಿಮ್ಮ ನಿಮ್ಮ ಮನವ ಸಂತೈಸಿಕೊಳ್ಳಿ’ ಎನ್ನಬೇಕಾದರೆ ಸಂತೈಸುವ ಒಡೆಯ ಒಳಗೇ ಇದ್ದಾನೆ ಎಂದಾಯಿತು. ‘ನೆರೆಮನೆಯ ದುಃಖಕ್ಕೆ ಅಳುವವರ ಮೆಚ್ಚ’ ಎಂಬಲ್ಲಂತೂ ಮನೆಗೂ ಮನೆಗೂ ನಡುವೆ ಗಟ್ಟಿ ಬೇಲಿಯೇ ಇದೆ. ಅದೇ ತನು, ಅದೇ ಮನ, ಅದೇ ಮನೆ. ಒಡೆಯ ಮಾತ್ರ ಅಲ್ಲಿಲ್ಲ, ಇಲ್ಲಿದ್ದಾನೆ.

ಹೆಚ್ಚಿನವರು ಇಲ್ಲಿ ಆ ವಚನವನ್ನು ಮೆಲ್ಲಗೆ ಪಟ್ಟಿಯಿಂದ ಕೈಬಿಡುತ್ತಾರೆ. ಕೈಬಿಡಬೇಡಿ, ಮತ್ತೆ ವ್ಯಾಕರಣ ನೋಡಿ. ಎರಡರಲ್ಲೂ ಅಂಕಿತ ಒಂದೇ, ಆದರೆ ಅದು ಕೂತಿರುವ ಜಾಗ ಬೇರೆ. ‘ಮನೆಯೊಡೆಯನಿಲ್ಲಾ, ಕೂಡಲಸಂಗಮದೇವಾ’ ಎಂಬುದು ಸಂಬೋಧನೆ, ಮಾತು ದೇವರ ಜತೆ. ‘ಮೆಚ್ಚ ಕೂಡಲಸಂಗಮದೇವ’ ಎಂಬಲ್ಲಿ ದೇವರು ಪ್ರಥಮ ಪುರುಷ, ಮಾತು ಎದುರಿಗಿರುವ ಜನರ ಜತೆ. ‘ಏನಿ ಬಂದಿರಿ’ಯೂ ಹೀಗೇ: ಮಾತು ಮನೆಯವನ ಜತೆ, ಅವನು ಒಳಗೆ ಬೆಚ್ಚಗೆ ಕೂತಿದ್ದಾನೆ, ವಚನದ ಕೊನೆಯಲ್ಲಿ ಬಂದು ಅವನ ಮೂಗು ಕೊಯ್ಯುವ ದೇವರು ಮೂರನೆಯವನು. ಕಳುವ ನಾರಿಯ ವಚನ, ಮಗನೆನಿಸು ಎಂಬ ವಚನ ಎರಡೂ ಸಂಬೋಧನೆಯವು, ಎರಡರಲ್ಲೂ ಒಡೆತನ ಭದ್ರವಿಲ್ಲ. ಹಾಗಾದರೆ ವಾದವನ್ನು ತಿದ್ದಿ ಹೀಗೆ ಬರೆಯಬಹುದು: ಜನರ ಜತೆ ಮಾತಾಡುವಾಗ ಬಸವಣ್ಣನವರ ಮನೆಗೆ ಒಡೆಯನಿರುತ್ತಾನೆ, ಅವನಿಗೆ ಬೈಗುಳವೋ ಬುದ್ಧಿಮಾತೋ ಸಿಗುತ್ತದೆ, ದೇವರ ಜತೆ ಮಾತಾಡುವಾಗ ಅದೇ ಮನೆಯ ಒಡೆತನ ಅಲುಗಾಡುತ್ತದೆ. ಇದನ್ನು ಒಬ್ಬರು ಅಲ್ಲಗಳೆಯಬಹುದು, ಒಂದು ವಚನ ತೋರಿಸಿ ಮುರಿಯಬಹುದು. ಅದಕ್ಕೇ ಇದು ವಾದ. ನಿಮ್ಮ ಪಟ್ಟಿಯ ಉಳಿದ ವಚನಗಳನ್ನೂ ಇದಕ್ಕೆ ಒಡ್ಡಿ. ಒಪ್ಪದವು ಸಿಕ್ಕರೆ ಅವಕ್ಕೊಂದು ಭಾಗ ಕೊಡಿ, ಅಡಿಟಿಪ್ಪಣಿಗೆ ತಳ್ಳಬೇಡಿ.

ಎರಡು ಕಡೆ ಜನ ಜಾರುತ್ತಾರೆ. ಅಂಕಿತದ ಕೊನೆಯ ದೀರ್ಘವನ್ನೇ ನಂಬಿ ಇದು ಸಂಬೋಧನೆ ಎನ್ನಬೇಡಿ. ‘ದೇವಾ’, ‘ದೇವ’ ಮುದ್ರಣದಿಂದ ಮುದ್ರಣಕ್ಕೆ ಬದಲಾಗುತ್ತದೆ. ‘ಎನಿಸಯ್ಯಾ’, ‘ಮೆಚ್ಚ’ ಇಂಥ ಕ್ರಿಯಾಪದ ನೋಡಿ ನಿರ್ಧರಿಸಿ. ಇನ್ನೊಂದು, ‘ಮೊದಮೊದಲು ಸಂಶಯವಿದ್ದ ಬಸವಣ್ಣನವರಿಗೆ ಕೊನೆಗೆ ನಿಲುವು ಸಿಕ್ಕಿತು’ ಎಂಬ ಕತೆ ಕಟ್ಟಬೇಡಿ. ವಚನಗಳ ಸಂಖ್ಯೆ, ಷಟ್‌ಸ್ಥಲದ ಅನುಕ್ರಮ ಎಲ್ಲ ಆಮೇಲಿನ ಸಂಕಲನಕಾರರು, ಸಂಪಾದಕರು ಕೊಟ್ಟದ್ದು. ಯಾವ ವಚನ ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಅದು ಆಧಾರವಲ್ಲ. ಬೆಳವಣಿಗೆ ಎಂಬ ಪದವನ್ನೇ ಅಧ್ಯಾಯದಿಂದ ತೆಗೆದುಹಾಕಿ.

ಅಳತೆ ಬೇಕಾದರೆ: ಅಧ್ಯಾಯ 25 ಪುಟವಿದ್ದರೆ ‘ಮನೆಯೊಳಗೆ’ ವಚನಕ್ಕೆ ಏಳು ಪುಟ, ದೇಗುಲದ ಎದುರುಸಾಕ್ಷಿಗೆ ನಾಲ್ಕು, ‘ಲೋಕದ ಡೊಂಕ’ ಮತ್ತು ವಾದದ ತಿದ್ದುಪಡಿಗೆ ಆರು. ಉಳಿದದ್ದರಲ್ಲಿ ಮಿಕ್ಕ ವಚನಗಳು. ಪಟ್ಟಿ ಅನುಬಂಧಕ್ಕೆ ಹೋಗಲಿ.

ಪ್ರಶ್ನೆ: ಒಂದು ಪ್ರತಿಮೆ ಎಷ್ಟು ಸಲ ಬಂದರೆ ಅಧ್ಯಯನಕ್ಕೆ ಸಾಕು? ಶೇಕಡಾವಾರು ಕೋಷ್ಟಕ ಹಾಕಬೇಕೇ?

ಮೂರು ಸಲ ಬಂದು ಮೂರು ಸಲವೂ ಬೇರೆ ಕೆಲಸ ಮಾಡಿದರೆ ಸಾಕು. ಮುನ್ನೂರು ಸಲ ಬಂದು ಒಂದೇ ಕೆಲಸ ಮಾಡಿದರೆ ಬರೆಯಲು ಏನೂ ಇಲ್ಲ. ಎಣಿಕೆಯಿಂದ ಶುರುಮಾಡುವುದು ತಪ್ಪಲ್ಲ. 1935ರಲ್ಲಿ ಕ್ಯಾರೊಲೈನ್ ಸ್ಪರ್ಜನ್ ಶೇಕ್ಸ್‌ಪಿಯರನ ಪ್ರತಿಮೆಗಳನ್ನು ಎಣಿಸಿ ವರ್ಗ ಮಾಡಿದರು, ಮ್ಯಾಕ್‌ಬೆತ್‌ನ ಮೈಗೊಪ್ಪದ ಬಟ್ಟೆ ಗುರುತಿಸಿದರು. ಆ ಬಟ್ಟೆಯ ಎದುರು ಅದೇ ನಾಟಕದ ಬೆತ್ತಲೆ ಶಿಶುವನ್ನಿಟ್ಟು 1947ರಲ್ಲಿ ಕ್ಲೀಂತ್ ಬ್ರೂಕ್ಸ್ ವಾದ ಕಟ್ಟಿದರು. ನಮ್ಮವರು ಮೊದಲನೆಯದನ್ನು ಮಾಡಿ ಬೈಂಡಿಂಗ್‌ಗೆ ಕೊಟ್ಟುಬಿಡುತ್ತಾರೆ.

ಪ್ರಶ್ನೆ: ಪ್ರತಿಮೆ, ಪ್ರತೀಕ, ರೂಪಕಗಳ ವ್ಯಾಖ್ಯಾನಕ್ಕೆ ಮೊದಲ ಅಧ್ಯಾಯದಲ್ಲಿ 40 ಪುಟ ಸಾಲುತ್ತದೆಯೇ?

ಎರಡು ಪ್ಯಾರಾ ಸಾಕು.

ಪ್ರಶ್ನೆ: ಇಂಗ್ಲಿಷ್ ಅನುವಾದ ಇಟ್ಟುಕೊಂಡು ವಚನದ ನಿಕಟ ಓದು ಮಾಡಬಹುದೇ?

ಆ ಆರು ‘ಒಳಗೆ’, ಮೂರು ‘ತುಂಬಿ’ ಅನುವಾದದಲ್ಲಿ ಎಷ್ಟು ಉಳಿದಿವೆ ಎಂದು ಎಣಿಸಿ ನೋಡಿ, ಆಮೇಲೆ ಕೇಳಿ.

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದ ಗೇಟಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ ಥೀಸಿಸ್ ಬರೆದುಕೊಡುವವರಿದ್ದಾರೆ. ಬರೀ ವಿಶ್ಲೇಷಣೆಯ ಭಾಗ ಮಾತ್ರ ಬರೆಸಿದರೆ ತಪ್ಪೇ?

ತಪ್ಪು, ಮೋಸ ಎರಡೂ. ಅವರು ಕೊಡುವುದು ಮತ್ತೆ ಅದೇ ‘ಹಕ್ಕಿ ಎಂದರೆ ಆತ್ಮ’, ಹೋದ ವರ್ಷ ಇನ್ಯಾರಿಗೋ ಮಾರಿದ ಪುಟ. ವೈವಾದಲ್ಲಿ ಪರೀಕ್ಷಕರು ಒಂದು ವಚನ ತೆಗೆದು ‘ಇಲ್ಲಿ ಯಾರು ಯಾರ ಜತೆ ಮಾತಾಡುತ್ತಿದ್ದಾರೆ?’ ಎಂದು ಕೇಳಿದರೆ ಅಂಗಡಿಯವನು ಬಂದು ಉತ್ತರಿಸುವುದಿಲ್ಲ.