ಶಾರ್ಟ್‌ವರ್ಕಿಂಗ್ಸ್ ಆಸ್ತಿಯಾಗಿ ಉಳಿಯುವುದು ಕರಾರಿನಲ್ಲಿರುವ ವಜಾ ಗಡುವಿನವರೆಗೆ ಮಾತ್ರ

ಪ್ರಶ್ನೆ: ಕಲ್ಲಿನ ಗಣಿ ಗುತ್ತಿಗೆಗೆ ಪಡೆದು ಎರಡು ವರ್ಷವಾಯಿತು, ಎರಡೂ ವರ್ಷ ಮಾಲೀಕರಿಗೆ ಕನಿಷ್ಠ ಬಾಡಿಗೆಯನ್ನೇ ಕೊಟ್ಟಿದ್ದೇವೆ. ರಾಯಲ್ಟಿಗಿಂತ ಹೆಚ್ಚಾಗಿ ಕೊಟ್ಟ, ಮುಂದೆ ವಜಾ ಮಾಡಿಕೊಳ್ಳಬಹುದಾದ ಶಾರ್ಟ್‌ವರ್ಕಿಂಗ್ಸ್ ಹಣವನ್ನು ಆಸ್ತಿ ಎಂದು ತೋರಿಸುವುದು ಒಳ್ಳೆಯದೋ, ನಷ್ಟಕ್ಕೆ ಬರೆಯುವುದು ಒಳ್ಳೆಯದೋ?

ಈ ಎರಡರಲ್ಲಿ ಒಂದನ್ನು ಆರಿಸುವ ಅಧಿಕಾರ ನಿಮಗಿಲ್ಲ. ಅದನ್ನು ನಿಮ್ಮ ಕರಾರು ಪತ್ರ ಆಗಲೇ ತೀರ್ಮಾನಿಸಿದೆ. ನಾನು ಆ ಪತ್ರದ ಒಂದು ಸಾಲನ್ನು ಸರಿಯಾಗಿ ಓದದೆ ನನ್ನ ಯಜಮಾನರಿಗೆ ತೊಂದರೆ ತಂದವನು.

ಪಾಂಡವಪುರದ ಕಡೆ ಒಬ್ಬರ ಪಟ್ಟಾ ಜಮೀನಿನಲ್ಲಿ ಕಲ್ಲು ತೆಗೆಯುತ್ತಿದ್ದ ಇಬ್ಬರು ಪಾಲುದಾರರ ಲೆಕ್ಕವನ್ನು ನಾನು ಮಂಡ್ಯದಲ್ಲಿ ಕುಳಿತು ಬರೆಯುತ್ತಿದ್ದೆ. ಮಾಲೀಕರಿಗೆ ಟನ್ನಿಗೆ 20 ರೂಪಾಯಿ ರಾಯಲ್ಟಿ, ಎಷ್ಟೇ ಕಡಿಮೆ ತೆಗೆದರೂ ವರ್ಷಕ್ಕೆ 4,00,000 ರೂಪಾಯಿ ಕನಿಷ್ಠ ಬಾಡಿಗೆ ಎಂದು ಒಪ್ಪಂದವಾಗಿತ್ತು. ಮೊದಲ ವರ್ಷ 8,000 ಟನ್ ಮಾತ್ರ ಹೊರಬಂದಿದ್ದರಿಂದ ರಾಯಲ್ಟಿ 1,60,000 ಆಯಿತು. ಮಾಲೀಕರ ಖಾತೆಗೆ 4,00,000 ಜಮಾ ಮಾಡಿ, 1,60,000ವನ್ನು ರಾಯಲ್ಟಿ ಖಾತೆಗೂ ಉಳಿದ 2,40,000ವನ್ನು ಶಾರ್ಟ್‌ವರ್ಕಿಂಗ್ಸ್ ಖಾತೆಗೂ ಖರ್ಚು ಹಾಕಿದೆ. ಎರಡನೆಯ ವರ್ಷ 14,000 ಟನ್ ಬಂದು ಇನ್ನೂ 1,20,000 ಕೊರತೆ ಸೇರಿತು. ಮೂರನೆಯ ವರ್ಷದ 23,000 ಟನ್ನಿಗೆ ರಾಯಲ್ಟಿ 4,60,000 ಆದಾಗ, ಕನಿಷ್ಠ ಬಾಡಿಗೆಗಿಂತ ಹೆಚ್ಚಾದ 60,000ವನ್ನು ಹಳೆಯ ಕೊರತೆಯಲ್ಲಿ ವಜಾ ಮಾಡಿಕೊಂಡು 4,00,000 ಮಾತ್ರ ಕೊಟ್ಟೆವು. ಇಲ್ಲಿಯವರೆಗೆ ತಪ್ಪಿರಲಿಲ್ಲ. ಉಳಿದ 3,00,000ವನ್ನು ಆಸ್ತಿ ಎಂದು ಮುಂದಿನ ವರ್ಷಕ್ಕೆ ಒಯ್ದದ್ದೇ ನನ್ನ ತಪ್ಪು.

ಕರಾರಿನಲ್ಲಿ ಇದ್ದ ಸಾಲು ಹೀಗಿತ್ತು: ‘ಕೊರತೆಯ ಹಣವನ್ನು ಗುತ್ತಿಗೆಯ ಮೊದಲ ಮೂರು ವರ್ಷಗಳೊಳಗೆ ವಜಾ ಮಾಡಿಕೊಳ್ಳತಕ್ಕದ್ದು.’ ನಾನು ಇದನ್ನು ‘ಕೊರತೆ ಬಿದ್ದ ವರ್ಷದಿಂದಾಚೆಗೆ ಮೂರು ವರ್ಷ’ ಎಂದು ಅರ್ಥ ಮಾಡಿಕೊಂಡಿದ್ದೆ. ಎರಡೂ ಬೇರೆ ಬೇರೆ ಹಕ್ಕುಗಳು. ಮೊದಲನೆಯದರಲ್ಲಿ ಕೊರತೆ ಯಾವ ವರ್ಷ ಬಿದ್ದಿದ್ದರೂ ಗುತ್ತಿಗೆಯ ಮೂರನೆಯ ವರ್ಷ ಮುಗಿದ ದಿನವೇ ಬಾಗಿಲು ಮುಚ್ಚುತ್ತದೆ, ಆದ್ದರಿಂದ ಎರಡನೆಯ ವರ್ಷದ ಕೊರತೆಗೆ ಸಿಗುವುದು ಒಂದೇ ವರ್ಷ. ಎರಡನೆಯದರಲ್ಲಿ ಪ್ರತಿ ವರ್ಷದ ಕೊರತೆಗೂ ಅದರದೇ ಆದ ಗಡುವು ಇರುತ್ತದೆ. ಆಗ ಹಳೆಯ ಕೊರತೆಯನ್ನೇ ಮೊದಲು ತೀರಿಸಿಕೊಳ್ಳುತ್ತಾ ಬರಬೇಕು. ನಮ್ಮದು ಮೊದಲನೆಯ ಬಗೆಯದಾಗಿದ್ದರಿಂದ 3,00,000ವನ್ನು ಮೂರನೆಯ ವರ್ಷದ ಕೊನೆಗೆ ಲಾಭನಷ್ಟ ಖಾತೆಗೆ ವರ್ಗಾಯಿಸಬೇಕಾಗಿತ್ತು. ನಾನು ಹಾಗೆ ಮಾಡದ ಕಾರಣ ಆ ವರ್ಷದ ಲಾಭ ಅಷ್ಟೂ ಹೆಚ್ಚಾಗಿ ಕಂಡಿತು, ಪಾಲುದಾರರು ಅದನ್ನು ಹಂಚಿಕೊಂಡು ಖರ್ಚು ಮಾಡಿದರು.

ನಾಲ್ಕನೆಯ ವರ್ಷ 32,000 ಟನ್ ಬಂದು ರಾಯಲ್ಟಿ 6,40,000 ಆಯಿತು. ನಾನು 2,40,000 ವಜಾ ಹಿಡಿದು 4,00,000ದ ಚೆಕ್ ಕಳುಹಿಸಿದೆ. ವಾರದೊಳಗೆ ಮಾಲೀಕರ ಲೆಕ್ಕಿಗರು ತಮ್ಮ ಪುಸ್ತಕವನ್ನು ಹಿಡಿದು ಬಂದರು. ನಮ್ಮಿಂದ ಬಂದ ಕೊರತೆಯ ಹಣವನ್ನು ಅವರು ಅಲ್ಲಿಯವರೆಗೆ ಆದಾಯಕ್ಕೆ ಸೇರಿಸದೆ, ನಮಗೆ ಬಿಟ್ಟುಕೊಡಬೇಕಾಗಬಹುದಾದ ಹೊಣೆಯೆಂದು ಬೇರೆ ಖಾತೆಯಲ್ಲಿಟ್ಟು, ಮೂರನೆಯ ವರ್ಷದ ಕೊನೆಯ ತಾರೀಖಿಗೆ 3,00,000ವನ್ನು ಆದಾಯಕ್ಕೆ ಒಯ್ದಿದ್ದರು. ಒಂದೇ ಹಣ ಅವರಲ್ಲಿ ಆದಾಯವಾಗಿತ್ತು, ನನ್ನಲ್ಲಿ ಆಸ್ತಿಯಾಗಿತ್ತು. ಉಳಿದ 2,40,000ವನ್ನು ಪಾಲುದಾರರು ಕೈಯಿಂದ ಹಾಕಿ ಕಟ್ಟಿದರು.

ಹಕ್ಕು ಜೀವಂತವಾಗಿದ್ದರೂ ಪೂರ್ತಿ ಮೊತ್ತವನ್ನು ಆಸ್ತಿ ಎನ್ನುವುದು ನನ್ನ ಪ್ರಕಾರ ಸರಿಯಲ್ಲ. ಎರಡನೆಯ ವರ್ಷದ ಕೊನೆಗೆ ನಮ್ಮಲ್ಲಿ 3,60,000 ಬಾಕಿಯಿತ್ತು. ಅದನ್ನೆಲ್ಲ ಮೂರನೆಯ ವರ್ಷದಲ್ಲೇ ವಸೂಲು ಮಾಡಲು, ಕನಿಷ್ಠ ಬಾಡಿಗೆಗೆ ಸರಿಹೋಗುವ 20,000 ಟನ್ನಿನ ಮೇಲೆ ಇನ್ನೂ 18,000 ಟನ್, ಅಂದರೆ ಒಟ್ಟು 38,000 ಟನ್ ತೆಗೆಯಬೇಕಾಗಿತ್ತು. ನಮ್ಮ ಒಂದು ಕ್ರಷರಿಗೆ ಅದು ಸಾಧ್ಯವಿಲ್ಲವೆಂದು ಕಲ್ಲಿನ ಮೇಸ್ತ್ರಿಗೂ ಗೊತ್ತಿತ್ತು. ವಸೂಲಾಗದ ಭಾಗವನ್ನು ಅಂದೇ ನಷ್ಟಕ್ಕೆ ಹಾಕಬೇಕಾಗಿತ್ತು. ನೀವೂ ಬಾಕಿಯನ್ನು ಟನ್ನಿನ ದರದಿಂದ ಭಾಗಿಸಿ, ಗಡುವಿನೊಳಗೆ ಎಷ್ಟು ಹೆಚ್ಚುವರಿ ಟನ್ ಬೇಕೆಂದು ನೋಡಿ.

ಇದೆಲ್ಲ ಜಮೀನಿನ ಮಾಲೀಕರೊಡನೆ ಮಾಡಿಕೊಂಡ ಕರಾರಿನ ಮಾತು. ಸರ್ಕಾರಕ್ಕೆ ಕಟ್ಟುವುದನ್ನು ಇದರೊಡನೆ ಬೆರೆಸಬೇಡಿ. ಉದಾಹರಣೆಗೆ ಕಬ್ಬಿಣದ ಅದಿರಿನಂತಹ ಪ್ರಧಾನ ಖನಿಜಗಳಿಗೆ 1957ರ ಗಣಿ ಕಾಯ್ದೆಯ 9ಎ ಕಲಮಿನಂತೆ ರಾಯಲ್ಟಿ, ಡೆಡ್ ರೆಂಟ್ ಎಂಬ ಕನಿಷ್ಠ ಬಾಡಿಗೆ ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕಟ್ಟಬೇಕು, ಕೊರತೆಯನ್ನು ಮುಂದಕ್ಕೆ ಒಯ್ಯುವ ಮಾತು ಆ ಕಲಮಿನಲ್ಲಿಲ್ಲ.

ಗುತ್ತಿಗೆ ನವೀಕರಿಸುವಾಗ ಆ ಸಾಲನ್ನು ನಾನೇ ಬರೆಸಿದೆ: ‘ಯಾವುದೇ ವರ್ಷದ ಕೊರತೆಯನ್ನು ಅದರ ನಂತರದ ಮೂರು ವರ್ಷಗಳ ಹೆಚ್ಚುವರಿ ರಾಯಲ್ಟಿಯಲ್ಲಿ ವಜಾ ಮಾಡಿಕೊಳ್ಳಬಹುದು.’ ಮಾಲೀಕರು ಇದಕ್ಕೆ ಒಪ್ಪಿ, ಬದಲಿಗೆ ಕನಿಷ್ಠ ಬಾಡಿಗೆಯನ್ನು 50,000 ರೂಪಾಯಿ ಏರಿಸಿದರು.