ಒಟ್ಟಿಗೆ ಬಂದ ಹಣ: ಒಮ್ಮೆಲೇ ಹೂಡಬೇಕೇ, ಕಂತುಗಳಲ್ಲೇ?

ಪ್ರಶ್ನೆ: ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಪ್ರತಿ ತಿಂಗಳು ಸಂಬಳದ ಒಂದು ಪಾಲನ್ನು ಷೇರುಗಳ ಇಂಡೆಕ್ಸ್ ಫಂಡ್‌ಗೆ ಹಾಕುತ್ತಿದ್ದೇನೆ. ಈಗ ಬಾಕಿ ವೇತನ ಮತ್ತು ಬೋನಸ್ ಸೇರಿ, ವರ್ಷವಿಡೀ ಉಳಿಸುವಷ್ಟು ಹಣ ಒಟ್ಟಿಗೆ ಕೈಸೇರಿದೆ. ‘ಹನ್ನೆರಡು ಕಂತು ಮಾಡಿ ಹಾಕು, ಡಾಲರ್ ಕಾಸ್ಟ್ ಆವರೇಜಿಂಗ್‌ನಿಂದ ಸರಾಸರಿ ಖರೀದಿ ಬೆಲೆ ಇಳಿಯುತ್ತದೆ’ ಎನ್ನುತ್ತಾರೆ ಸಹೋದ್ಯೋಗಿಗಳು. ಒಮ್ಮೆಲೇ ಹಾಕುವುದೇ ಲಾಭ ಎಂದೂ ಓದಿದ್ದೇನೆ. ಅದು ನಿಜವಾದರೆ ತಿಂಗಳ ಉಳಿತಾಯವನ್ನೂ ಕೂಡಿಟ್ಟು ವರ್ಷಕ್ಕೊಮ್ಮೆ ಹಾಕಬೇಕೇ?

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಗೊಂದಲದ ಬೇರು ಅಲ್ಲಿದೆ. ತಿಂಗಳ ಉಳಿತಾಯವನ್ನು ಖಂಡಿತ ಕೂಡಿಡಬೇಡಿ. ‘ಒಮ್ಮೆಲೇ ಹೂಡುವುದು ಲಾಭ’ ಎನ್ನುವವರು ಹೇಳುತ್ತಿರುವುದು ಇಷ್ಟೇ: ಕೈಗೆ ಬಂದ ಹಣವನ್ನು ಕಾಯಿಸಬೇಡಿ. ಸಂಬಳದಾರರ ಕೈಗೆ ಹಣ ಬರುವುದೇ ತಿಂಗಳಿಗೊಮ್ಮೆ. ಬಂದ ತಕ್ಷಣ ನೀವು ಹಾಕುತ್ತಿದ್ದೀರಿ. ಮೇಲ್ನೋಟಕ್ಕೆ ಅದು ಕಂತಿನಂತೆ ಕಂಡರೂ, ನಿಮ್ಮ ಬಳಿ ಇದ್ದ ಹಣವನ್ನೆಲ್ಲ ಆಗಿಂದಾಗ್ಗೆ ಒಮ್ಮೆಲೇ ಹೂಡಿದಂತೆಯೇ ಆಯಿತು. ವರ್ಷದ ಕೊನೆಯವರೆಗೆ ಕೂಡಿಟ್ಟರೆ ನೀವು ಆ ಸಲಹೆಗೆ ವಿರುದ್ಧವಾಗಿ ನಡೆದ ಹಾಗಾಗುತ್ತದೆ. ಆದ್ದರಿಂದ ಸಂಬಳ ಬಂದ ಮರುದಿನವೇ ಹಣ ತಾನಾಗಿ ಫಂಡ್‌ಗೆ ಹೋಗುವ ವ್ಯವಸ್ಥೆ ಇದ್ದರೆ ಹಾಗೆಯೇ ಬಿಡಿ. ತಿಂಗಳ ಯಾವ ತಾರೀಕು ಒಳ್ಳೆಯದು ಎಂದು ಹುಡುಕುವುದೂ ಬೇಡ. ಖಾತೆಯಲ್ಲಿ ಹೆಚ್ಚು ದಿನ ಉಳಿದ ಹಣ ಖರ್ಚಾಗುವ ಸಂಭವವೇ ಹೆಚ್ಚು. ಒಂದು ವಿನಾಯಿತಿ ಮಾತ್ರ ಉಂಟು. ಪ್ರತಿ ಖರೀದಿಗೂ ನಿಗದಿತ ಶುಲ್ಕ ಕೊಡಬೇಕಾಗಿದ್ದರೆ ಲೆಕ್ಕ ಹಾಕಿ ನೋಡಿ. 1,000ದ ಕಂತಿಗೆ 10 ಶುಲ್ಕ ಹೋದರೆ ಶೇ 1ರಷ್ಟು ಆರಂಭದಲ್ಲೇ ಕಳೆದುಹೋಯಿತು. ಆಗ ಎರಡು ಮೂರು ತಿಂಗಳದ್ದನ್ನು ಸೇರಿಸಿ ಹಾಕುವುದು ಸರಿ.

ಹಾಗಾಗಿ ನಿಜವಾದ ಪ್ರಶ್ನೆ ಈಗ ಬಂದಿರುವ ಹಣದ್ದು. ಸಹೋದ್ಯೋಗಿಗಳ ಮಾತನ್ನು ಒಂದು ಸಣ್ಣ ಲೆಕ್ಕದಿಂದ ಪರೀಕ್ಷಿಸೋಣ. ಮೊತ್ತ 12,000 ಎಂದುಕೊಳ್ಳಿ. ಬರೆಯಲು ಸುಲಭವಾಗಲೆಂದು ಹನ್ನೆರಡರ ಬದಲು ನಾಲ್ಕು ಕಂತು ಹಿಡಿಯುತ್ತೇನೆ, ಪ್ರತಿ ಕಂತೂ 3,000. ಫಂಡ್‌ನ ಒಂದು ಯೂನಿಟ್‌ನ ಇವತ್ತಿನ ಬೆಲೆ 100.

ಮೊದಲು ಮಾರುಕಟ್ಟೆ ಬಿದ್ದು ಏಳುತ್ತದೆ ಎನ್ನೋಣ. ನಾಲ್ಕು ಖರೀದಿಯ ದಿನಗಳಲ್ಲಿ ಬೆಲೆ 100, 75, 60, ಮತ್ತೆ 100. ಕಂತಿನವರಿಗೆ ಸಿಗುವ ಯೂನಿಟ್‌ಗಳು 30, 40, 50, 30, ಒಟ್ಟು 150. ಒಂದು ಯೂನಿಟ್‌ಗೆ ಅವರಿಗೆ ಬಿದ್ದದ್ದು 80. ನಾಲ್ಕು ಬೆಲೆಗಳ ಸರಾಸರಿ 83.75. ಸಹೋದ್ಯೋಗಿಗಳು ಹೇಳುವ ಲಾಭ ಇದೇ. ಅಗ್ಗವಾದಾಗ ಅದೇ ಹಣಕ್ಕೆ ಹೆಚ್ಚು ಯೂನಿಟ್ ಬರುವುದರಿಂದ, ಖರೀದಿ ಬೆಲೆ ಯಾವಾಗಲೂ ಸರಾಸರಿಗಿಂತ ಕೆಳಗೆ ಇಳಿಯುತ್ತದೆ. ಕೊನೆಗೆ ಅವರ ಹಣ 15,000 ಆಗಿದೆ. ಮೊದಲ ದಿನವೇ ಎಲ್ಲವನ್ನೂ ಹಾಕಿದವರ ಬಳಿ 120 ಯೂನಿಟ್, ಅಂದರೆ ಅದೇ 12,000.

ಈಗ ಏರುವ ಮಾರುಕಟ್ಟೆ. ಬೆಲೆ 100, 120, 125, 150. ಯೂನಿಟ್‌ಗಳು 30, 25, 24, 20, ಒಟ್ಟು 99. ಒಂದಕ್ಕೆ ಬಿದ್ದದ್ದು ಸುಮಾರು 121, ಬೆಲೆಗಳ ಸರಾಸರಿ 123.75. ಇಲ್ಲಿಯೂ ಖರೀದಿ ಬೆಲೆ ಸರಾಸರಿಗಿಂತ ಕಡಿಮೆಯೇ! ಆದರೂ ಕಂತಿನವರ ಕೈಯಲ್ಲಿ 14,850, ಒಮ್ಮೆಲೇ ಹಾಕಿದವರ ಕೈಯಲ್ಲಿ 18,000.

ಈ ಎರಡನೆಯ ಲೆಕ್ಕವನ್ನು ದಯವಿಟ್ಟು ಮತ್ತೊಮ್ಮೆ ಓದಿ. ‘ಸರಾಸರಿ ಬೆಲೆ ಇಳಿಯುತ್ತದೆ’ ಎಂಬ ಮಾತು ಎರಡು ಸಲವೂ ನಿಜವಾಯಿತು, ಆದರೆ ಒಂದು ಸಲ ಮಾತ್ರ ಲಾಭ ತಂದಿತು. ನಿಮ್ಮ ಖರೀದಿ ಬೆಲೆಯನ್ನು ಮುಂಬರುವ ಬೆಲೆಗಳ ಸರಾಸರಿಯ ಜೊತೆ ಹೋಲಿಸಿ ಪ್ರಯೋಜನವಿಲ್ಲ, ಆ ಸರಾಸರಿಗೆ ಯಾರೂ ನಿಮಗೆ ಮಾರುವುದಿಲ್ಲ. ಹೋಲಿಸಬೇಕಾದದ್ದು ಇವತ್ತು ಸಿಗುತ್ತಿರುವ 100ರ ಜೊತೆ. ಕಂತಿನ ಖರೀದಿ ಬೆಲೆ ನೂರಕ್ಕಿಂತ ಕೆಳಗೆ ಬರಬೇಕಾದರೆ ಮುಂದಿನ ತಿಂಗಳುಗಳಲ್ಲಿ ಮಾರುಕಟ್ಟೆ ಸಾಕಷ್ಟು ಕಾಲ ಇವತ್ತಿಗಿಂತ ಕೆಳಗಿರಬೇಕು.

ಅದು ಎಷ್ಟು ಸಲ ಆಗುತ್ತದೆ? ವ್ಯಾನ್‌ಗಾರ್ಡ್ ಎಂಬ ಹೂಡಿಕೆ ಸಂಸ್ಥೆ 2012ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳ ಹಲವು ದಶಕಗಳ ದಾಖಲೆ ತೆಗೆದು ನೋಡಿತು. ಹನ್ನೆರಡು ತಿಂಗಳ ಕಂತಿಗಿಂತ ಒಮ್ಮೆಲೇ ಹೂಡಿದ್ದೇ ಸುಮಾರು ಮೂರರಲ್ಲಿ ಎರಡು ಪಾಲು ಸಂದರ್ಭಗಳಲ್ಲಿ ಮುಂದಿತ್ತು. ಇದರಲ್ಲಿ ಗುಟ್ಟೇನೂ ಇಲ್ಲ. ಷೇರುಗಳಲ್ಲಿ ಅಪಾಯ ಹೆಚ್ಚು, ಅದಕ್ಕೆ ಪ್ರತಿಯಾಗಿ ದೀರ್ಘಾವಧಿಯಲ್ಲಿ ಅವು ಠೇವಣಿಗಿಂತ ಹೆಚ್ಚು ಕೊಡುತ್ತವೆ ಎಂಬ ನಿರೀಕ್ಷೆಯಿಂದಲೇ ಜನ ಅವನ್ನು ಕೊಳ್ಳುತ್ತಾರೆ. ಹನ್ನೆರಡು ಕಂತಿನಲ್ಲಿ ಮೊದಲನೆಯದು ಇವತ್ತು, ಕೊನೆಯದು ಹನ್ನೊಂದು ತಿಂಗಳ ನಂತರ. ಹಣ ಸರಾಸರಿ ಐದೂವರೆ ತಿಂಗಳು ಹೊರಗೆ ಕಾಯುತ್ತದೆ. ಷೇರುಗಳು ಠೇವಣಿಗಿಂತ ವರ್ಷಕ್ಕೆ ಶೇ 5ರಷ್ಟು ಹೆಚ್ಚು ಕೊಡುತ್ತವೆ ಎಂದು ನೀವು ನಿರೀಕ್ಷಿಸಿದರೆ, ಆ ಕಾಯುವಿಕೆಯ ಬೆಲೆ ಶೇ 2.3ರ ಆಸುಪಾಸು. 12,000ಕ್ಕೆ ಸುಮಾರು 275. ಇದನ್ನು ವಿಮೆಯ ಕಂತಿನಂತೆ ನೋಡಿ. ಕೆಲವರಿಗೆ ಅದು ಕೊಡಲು ಯೋಗ್ಯವಾದ ಬೆಲೆಯೇ. ಆದರೆ ಆ ವಿಮೆ ಯಾವುದಕ್ಕೆ ರಕ್ಷಣೆ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂದು ತಿಳಿದು ಕೊಡಬೇಕು.

2007ರ ಅಕ್ಟೋಬರ್ 9ರಂದು ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ 1,565ರಲ್ಲಿ ಮುಕ್ತಾಯವಾಯಿತು. ಅದು ಆಗಿನ ಶಿಖರ. 2009ರ ಮಾರ್ಚ್ 9ಕ್ಕೆ ಅದು 676ಕ್ಕೆ ಕುಸಿದಿತ್ತು. ಶಿಖರದ ದಿನವೇ ಎಲ್ಲ ಹಣ ಹಾಕಿದ ನತದೃಷ್ಟರು ಶೇ 57ರಷ್ಟು ಕಳೆದುಕೊಂಡರು. ಆ ತಿಂಗಳಿನಿಂದಲೇ ಹನ್ನೆರಡು ಕಂತು ಮಾಡಿದವರ ಕೊನೆಯ ಕಂತು 2008ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆ ಹೊತ್ತಿಗೆ ಸೂಚ್ಯಂಕ ಇಳಿದಿತ್ತು ನಿಜ, ಆದರೆ ಭಾರೀ ಕುಸಿತ ಬಂದದ್ದು ಅದರ ನಂತರ. 2009ರ ಮಾರ್ಚ್‌ನಲ್ಲಿ ಅವರ ಹಣವೂ ಅರ್ಧದಷ್ಟಕ್ಕೆ ಇಳಿದಿತ್ತು. ಇತಿಹಾಸದಲ್ಲಿ ಕಂತಿಗೆ ಇದಕ್ಕಿಂತ ಅನುಕೂಲಕರವಾದ ಆರಂಭದ ದಿನಗಳು ಹೆಚ್ಚಿಲ್ಲ. ಅಲ್ಲಿಯೂ ಸಿಕ್ಕ ರಕ್ಷಣೆ ಇಷ್ಟು ಮಾತ್ರ. ಕೊನೆಯ ಕಂತು ಹೋದ ದಿನದಿಂದ ನೀವು ಮತ್ತು ಒಮ್ಮೆಲೇ ಹಾಕಿದವರು ಒಂದೇ ದೋಣಿಯಲ್ಲಿರುತ್ತೀರಿ.

ಆದ್ದರಿಂದ ಅರ್ಧದಷ್ಟು ನಷ್ಟವನ್ನು ನೋಡಿ ತಡೆದುಕೊಳ್ಳುವುದು ನಿಮ್ಮಿಂದಾಗದು ಎನಿಸಿದರೆ, ಕಂತು ಅದಕ್ಕೆ ಮದ್ದಲ್ಲ. ಷೇರಿನ ಪಾಲನ್ನೇ ಕಡಿಮೆ ಮಾಡಬೇಕು. 12,000ದಲ್ಲಿ 7,000 ಮಾತ್ರ ಷೇರು ಫಂಡ್‌ಗೆ, ಉಳಿದ 5,000 ಠೇವಣಿಗೋ ಸಾಲಪತ್ರದ ಫಂಡ್‌ಗೋ ಇಟ್ಟು, ಹಾಗೆಯೇ ಮುಂದುವರಿಸಿ. ಆ ರಕ್ಷಣೆ ಹನ್ನೆರಡು ತಿಂಗಳಿಗೆ ಮುಗಿದುಹೋಗುವುದಿಲ್ಲ. ಹೊಸದಾಗಿ ಹೂಡಿಕೆ ಶುರು ಮಾಡಿದವರು ಬಹುಮಟ್ಟಿಗೆ ಈ ಎರಡನ್ನು ಬೆರೆಸಿಬಿಡುತ್ತಾರೆ. ಷೇರಿನಲ್ಲಿ ಎಷ್ಟು ಹಣ ಇರಬೇಕು ಎಂಬ ದೊಡ್ಡ ಪ್ರಶ್ನೆಯನ್ನು ಕೇಳಿಕೊಳ್ಳದೆ, ಯಾವಾಗ ಹಾಕಬೇಕು ಎಂಬ ಸಣ್ಣ ಪ್ರಶ್ನೆಗೆ ತಲೆ ಕೆಡಿಸಿಕೊಳ್ಳುತ್ತಾರೆ.

ಇನ್ನೊಂದು ವಿಷಯ ನಿಮ್ಮ ವಯಸ್ಸಿನದ್ದು. ಈಗ ಬಂದಿರುವ ಮೊತ್ತ ನಿಮ್ಮ ಒಂದು ವರ್ಷದ ಉಳಿತಾಯಕ್ಕೆ ಸಮ. ನೀವು ಇನ್ನೂ ಮೂವತ್ತು ವರ್ಷ ದುಡಿದರೆ ಸಂಬಳದಿಂದಲೇ ಮೂವತ್ತು ಪಟ್ಟು ಹಣ, ಮುನ್ನೂರ ಅರವತ್ತು ಬೇರೆ ಬೇರೆ ಬೆಲೆಗಳಲ್ಲಿ ಮಾರುಕಟ್ಟೆಗೆ ಹೋಗುತ್ತದೆ. ನಿಜವಾದ ಸರಾಸರಿ ಅಲ್ಲಿ ನಡೆಯುತ್ತದೆ. ಜಪಾನಿನ ನಿಕೇಯಿ ಸೂಚ್ಯಂಕ 1989ರ ಕೊನೆಗೆ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ಆ ಶಿಖರದಲ್ಲಿ ಇದ್ದ ಹಣವನ್ನೆಲ್ಲ ಹಾಕಿ ಸುಮ್ಮನಾದವರಿಗೂ, ಅಲ್ಲಿಂದ ಮುಂದೆ ಸಂಬಳದಿಂದ ಪ್ರತಿ ತಿಂಗಳು ಕೊಳ್ಳುತ್ತ ಹೋದವರಿಗೂ ಅಜಗಜಾಂತರ. ಎರಡನೆಯವರ ಖರೀದಿಯ ಬಹುಪಾಲು ಆ ಶಿಖರದ ಅರ್ಧಕ್ಕಿಂತ ಕಡಿಮೆ ಬೆಲೆಯಲ್ಲಿ ನಡೆಯಿತು. ಮುಂದೆ ಸಂಬಳವೇ ಬಾರದ, ನಿವೃತ್ತಿಯ ಹಣ ಹಿಡಿದು ನಿಂತವರು ಕೇಳಿದ್ದರೆ ನಾನು ಇಷ್ಟು ಧೈರ್ಯವಾಗಿ ಉತ್ತರಿಸುತ್ತಿರಲಿಲ್ಲ.

ನಿಮ್ಮ ವಿಷಯದಲ್ಲಿ ನನ್ನ ಸಲಹೆ ಇದು. ಹೆಚ್ಚು ಬಡ್ಡಿಯ ಸಾಲ ಇದ್ದರೆ ಮೊದಲು ಅದನ್ನು ತೀರಿಸಿ, ಕೆಲವು ತಿಂಗಳ ಖರ್ಚಿಗೆ ಆಗುವಷ್ಟನ್ನು ಬ್ಯಾಂಕಿನಲ್ಲಿ ಬೇರೆ ಇಡಿ. ಉಳಿದದ್ದರಲ್ಲಿ ಷೇರಿನ ಪಾಲೆಷ್ಟು ಎಂದು ನಿರ್ಧರಿಸಿ, ಆ ಪಾಲನ್ನು ಒಮ್ಮೆಲೇ ಹಾಕಿ. ಕೈ ಹಿಂಜರಿದರೆ ಹೀಗೆ ಕೇಳಿಕೊಳ್ಳಿ: ಈ ಹಣವೆಲ್ಲ ಈಗಾಗಲೇ ಫಂಡ್‌ನಲ್ಲಿ ಇದ್ದಿದ್ದರೆ, ಇವತ್ತು ಹನ್ನೊಂದು ಪಾಲನ್ನು ಮಾರಿ, ತಿಂಗಳಿಗೊಂದು ಪಾಲಿನಂತೆ ಮತ್ತೆ ಕೊಳ್ಳುತ್ತಿದ್ದೆನೇ? ಇಲ್ಲ ಎನ್ನುವುದಾದರೆ ಕಂತಿಗೆ ಕಾರಣವೂ ಇಲ್ಲ.

ಲೆಕ್ಕವೆಲ್ಲ ಒಪ್ಪಿದರೂ ಮನಸ್ಸು ಒಪ್ಪದಿರಬಹುದು. ಹಾಕಿದ ಮರುವಾರವೇ ಮಾರುಕಟ್ಟೆ ಬಿದ್ದರೆ ಹೆದರಿ ಎಲ್ಲವನ್ನೂ ಮಾರಿಬಿಡುತ್ತೇನೆ ಎಂಬ ಅಳುಕು ಇದ್ದರೆ, ಅದು ಸಣ್ಣ ಮಾತಲ್ಲ. ಹಾಗೆ ಮಾರಿದರೆ ಆಗುವ ನಷ್ಟದ ಮುಂದೆ ಮೇಲೆ ಹೇಳಿದ 275 ಏನೇನೂ ಅಲ್ಲ. ಆಗ ಕಂತು ಮಾಡಿ. ಆದರೆ ಆರು ತಿಂಗಳು ಸಾಕು. ಎರಡು ಮೂರು ವರ್ಷಕ್ಕೆ ಎಳೆದರೆ ಕಾಯುವಿಕೆಯ ಬೆಲೆಯೂ ಅಷ್ಟೇ ಬೆಳೆಯುತ್ತದೆ. ತಾರೀಕು, ಮೊತ್ತ ಎರಡನ್ನೂ ಮೊದಲೇ ಗೊತ್ತುಮಾಡಿ, ಹಣ ತಾನಾಗಿ ಹೋಗುವಂತೆ ಬ್ಯಾಂಕಿಗೆ ಆದೇಶ ಕೊಡಿ. ಕಾಯುವ ಹಣ ಬಡ್ಡಿ ಬರುವ ಖಾತೆಯಲ್ಲಿರಲಿ. ಕಂತಿನ ಯೋಜನೆ ಕೆಡುವುದು ಬಹುತೇಕ ಒಂದೇ ರೀತಿಯಲ್ಲಿ: ಬೆಲೆ ಬಿದ್ದಾಗ ‘ಇನ್ನೂ ಬೀಳಲಿ, ಈ ತಿಂಗಳು ಬೇಡ’ ಎಂದು ಒಂದು ಕಂತು ತಪ್ಪುತ್ತದೆ. ಮೊದಲ ಲೆಕ್ಕದಲ್ಲಿ 75 ಮತ್ತು 60ರ ಬೆಲೆಗೆ ಕೊಂಡ 90 ಯೂನಿಟ್‌ಗಳಿಂದಲೇ ಎಲ್ಲ ಲಾಭ ಬಂದದ್ದು. ಆ ಎರಡು ಕಂತು ತಪ್ಪಿದ್ದರೆ ಲಾಭವೇ ಇಲ್ಲ. ಒಂದು ಸಲ ಹಾಗೆ ತಪ್ಪಿಸಿದಿರಿ ಎಂದರೆ, ಉಳಿದದ್ದನ್ನು ಆ ವಾರವೇ ಪೂರ್ತಿ ಹಾಕಿ ಮುಗಿಸುವುದು ಉತ್ತಮ.

ಇದೆಲ್ಲ ನೂರಾರು ಕಂಪನಿಗಳನ್ನು ಒಳಗೊಂಡ ಇಂಡೆಕ್ಸ್ ಫಂಡ್‌ಗೆ ಹೇಳಿದ್ದು. ಒಂದೇ ಕಂಪನಿಯ ಷೇರು ಬೀಳುತ್ತಿರುವಾಗ ‘ಸರಾಸರಿ ಇಳಿಸುತ್ತೇನೆ’ ಎಂದು ಮತ್ತೆ ಮತ್ತೆ ಕೊಳ್ಳುವವರು ಇದನ್ನು ಸಮರ್ಥನೆಯಾಗಿ ಬಳಸಬಾರದು. ಕಂಪನಿ ಮುಳುಗಿದರೆ ಅದರ ಷೇರು 60ರಿಂದ 100ಕ್ಕೆ ಮರಳುವುದಿಲ್ಲ, ಸೊನ್ನೆಗೆ ಹೋಗುತ್ತದೆ.