ನನ್ನ ಫೋನಲ್ಲಿ ಬರುವ ಬಗ್ ಅವರ ಫೋನಲ್ಲಿ ಬರದಿದ್ದರೆ

"ಆ್ಯಪ್ ಟೆಸ್ಟ್ ಮಾಡಿ ದುಡ್ಡು ಪಡೆಯುವ ಕೆಲಸಕ್ಕೆ ಸೇರಿದ್ದೇನೆ. ಕಳಿಸಿದ ಬಗ್‌ಗಳೆಲ್ಲ 'ನಮ್ಮಲ್ಲಿ ಬರುತ್ತಿಲ್ಲ' ಅಂತ ರಿಜೆಕ್ಟ್ ಆಗ್ತಿವೆ. ಸ್ಟೆಪ್ಸ್ ಹೇಗೆ ಬರೆಯಬೇಕು?"

ಬಗ್ ಕಂಡ ಕೂಡಲೇ ಕಳಿಸಬೇಡಿ. ಬೇರೆಯವರು ಮೊದಲು ಕಳಿಸಿಬಿಟ್ಟರೆ ನಮ್ಮದು ಡೂಪ್ಲಿಕೇಟ್ ಆಗುತ್ತದೆ ಅನ್ನುವ ಆತಂಕ ನನಗೂ ಇದೆ. ಆದರೆ ಒಪ್ಪಿಗೆಯಾಗದ ಬಗ್‌ಗೆ ಹೇಗೂ ದುಡ್ಡಿಲ್ಲ. ಕಳಿಸುವ ಮುಂಚೆ ಅದನ್ನು ನೀವೇ ಬೇಕೆಂದಾಗ ತರಿಸಲು ಆಗಬೇಕು.

ನನ್ನದೇ ಒಂದು ಉದಾಹರಣೆ ಹೇಳ್ತೀನಿ. ಒಂದು ಆಂಡ್ರಾಯ್ಡ್ ಆ್ಯಪ್‌ನಲ್ಲಿ ನೋಂದಣಿ ಫಾರ್ಮ್ ಅರ್ಧ ತುಂಬಿ, ಬೇರೆ ಆ್ಯಪ್‌ಗೆ ಹೋಗಿ ಬಂದೆ. ತುಂಬಿದ್ದೆಲ್ಲ ಮಾಯ. "ಬೇರೆ ಆ್ಯಪ್‌ಗೆ ಹೋಗಿ ಬಂದರೆ ಫಾರ್ಮ್ ಖಾಲಿಯಾಗುತ್ತದೆ" ಅಂತ ಬರೆದೆ, ರಿಜೆಕ್ಟ್ ಆಯಿತು. ನಾನೇ ಐದು ಸಲ ಹೋಗಿ ಬಂದು ನೋಡಿದೆ, ಒಮ್ಮೆಯೂ ಖಾಲಿಯಾಗಲಿಲ್ಲ!

ಮೊದಲ ಸಲ ಏನು ಬೇರೆ ಮಾಡಿದ್ದೆ ಅಂತ ಯೋಚಿಸಿದಾಗ ನೆನಪಾಯಿತು: ಆಗ ಕ್ಯಾಮೆರಾ ತೆರೆದು ಫೋಟೋ ತೆಗೆದಿದ್ದೆ. ನನ್ನ ಫೋನಿನ RAM ಬರೀ 3 GB. ಕ್ಯಾಮೆರಾಗೆ ಮೆಮೊರಿ ಸಾಲದಾದಾಗ ಆಂಡ್ರಾಯ್ಡ್ ಹಿಂದೆ ನಿಂತ ಆ್ಯಪ್ ಅನ್ನು ಸದ್ದಿಲ್ಲದೆ ಮುಚ್ಚಿಬಿಡುತ್ತದೆ. ವಾಪಸ್ ಬಂದಾಗ ಆ್ಯಪ್ ಹಳೆಯ ಸ್ಥಿತಿಯನ್ನು ಮತ್ತೆ ತರಬೇಕು, ಇದು ತರುತ್ತಿರಲಿಲ್ಲ. ಡೆವಲಪರ್ ಕೈಯಲ್ಲಿ ಹೆಚ್ಚು RAM ಇರುವ ಫೋನ್ ಇದ್ದರೆ ಇದು ಕಾಣುವುದೇ ಅಪರೂಪ.

ಹಾಗಾಗಿ ಅವರ ಫೋನಲ್ಲೂ ಬರುವ ದಾರಿ ಹುಡುಕಿದೆ. ಸೆಟ್ಟಿಂಗ್ಸ್‌ನಲ್ಲಿ Build number ಮೇಲೆ ಏಳು ಸಲ ಒತ್ತಿದರೆ Developer options ತೆರೆದುಕೊಳ್ಳುತ್ತದೆ. ಅದರಲ್ಲಿ Don't keep activities ಆನ್ ಮಾಡಿದರೆ, ನೀವು ಆಚೆ ಹೋದ ತಕ್ಷಣ ಆ ಸ್ಕ್ರೀನ್ ನಾಶವಾಗುತ್ತದೆ. ಎರಡನೇ ಸಲ ಹೀಗೆ ಬರೆದೆ:

1. ಆ್ಯಪ್‌ನ ಡೇಟಾ ಅಳಿಸಿ, ತೆರೆಯಿರಿ. "ನೋಂದಣಿ" ಒತ್ತಿ.
2. ಹೆಸರಿನಲ್ಲಿ Test, ಪಿನ್‌ಕೋಡ್‌ನಲ್ಲಿ 123456 ತುಂಬಿ. "ಮುಂದೆ" ಒತ್ತಬೇಡಿ.
3. ಹೋಮ್ ಒತ್ತಿ, ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆಯಿರಿ.
4. ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ವಾಪಸ್ ಬನ್ನಿ.

ಆಗಬೇಕಾದದ್ದು: ಎರಡೂ ಕಡೆ ತುಂಬಿದ್ದು ಹಾಗೇ ಇರಬೇಕು.
ಆಗಿದ್ದು: ಎರಡೂ ಖಾಲಿ.
ಎಷ್ಟು ಸಲ: 5ರಲ್ಲಿ 4. Don't keep activities ಆನ್ ಇದ್ದರೆ 5ರಲ್ಲಿ 5.

ಇದರ ಜೊತೆ ಫೋನ್ ಮಾಡೆಲ್, ಆಂಡ್ರಾಯ್ಡ್ ಮತ್ತು ಆ್ಯಪ್‌ನ ಆವೃತ್ತಿ, ಚಿಕ್ಕ ಸ್ಕ್ರೀನ್ ರೆಕಾರ್ಡಿಂಗ್ ಕೊಟ್ಟೆ. ಒಪ್ಪಿಗೆಯಾಯಿತು. "ಮುಂದೆ ಒತ್ತಬೇಡಿ" ಅನ್ನುವ ಮಾತು ನನ್ನ ಮೊದಲ ವರದಿಯಲ್ಲಿ ಇರಲಿಲ್ಲ. ಅದನ್ನು ಒತ್ತಿದರೆ ಮಾಹಿತಿ ಸೇವ್ ಆಗಿ ಬಗ್ ಬರುವುದೇ ಇಲ್ಲ. ಮಾಡಬಾರದ್ದೂ ಒಂದು ಸ್ಟೆಪ್ಪೇ.

ಸೆಟ್ಟಿಂಗ್ ಬದಲಿಸಿ ಬರುವ ಬಗ್ಗನ್ನು ಮಾತ್ರ ಕೊಟ್ಟರೆ "ಸಾಮಾನ್ಯ ಬಳಕೆದಾರರು ಹೀಗೆ ಮಾಡಲ್ಲ" ಅಂತ ತಳ್ಳಿಹಾಕಬಹುದು. ಅದಕ್ಕೇ ಕ್ಯಾಮೆರಾ ದಾರಿಯನ್ನು ಮುಖ್ಯವಾಗಿಟ್ಟು, ಇದನ್ನು ಸುಲಭ ದಾರಿಯಾಗಿ ಕೊನೆಗೆ ಹಾಕಿದೆ. ಕೆಲಸ ಮುಗಿದ ಮೇಲೆ ಮರೆಯದೆ ಆಫ್ ಮಾಡಿ. ಇಲ್ಲದಿದ್ದರೆ ಮುಂದಿನ ಆ್ಯಪ್‌ನಲ್ಲಿ ಕಾಣುವ ತೊಂದರೆ ನಿಜವೋ ಈ ಸೆಟ್ಟಿಂಗ್‌ನದೋ ಗೊತ್ತಾಗುವುದಿಲ್ಲ.